ಹಬ್ಬದ ಬೇಳೆ, ಕಂಪನಿಯ ಬಡ್ಡಿ

ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ತಾಂಡೂರಿನ ಬ್ಯಾಂಕಿನಲ್ಲಿ ಬೇಳೆ ಮಿಲ್ಲಿನ ಯಂತ್ರಸಾಲದ ಕೊನೆಯ ಕಂತು ಜಮೆಯಾಯಿತು. ಮ್ಯಾನೇಜರ್ ಪರದೆ ನೋಡಿ, ಬಾಕಿ ಸೊನ್ನೆ ಎಂದರು.

ಅವರ ಎದುರು ಇಬ್ಬರು ಕುಳಿತಿದ್ದರು. ಒಬ್ಬ ಆನಂದಕುಮಾರ, ಮಿಲ್ಲಿನ ವ್ಯವಸ್ಥಾಪಕ ನಿರ್ದೇಶಕ. ಇನ್ನೊಬ್ಬಳು ಅವನ ಅಣ್ಣನ ಹೆಂಡತಿ ಮಹಾನಂದಾ. ಜಹೀರಾಬಾದಿನ ಖಾಸಗಿ ಶಾಲೆಯೊಂದರಲ್ಲಿ ಗಣಿತ ಕಲಿಸುವವಳು, ಕಂಪನಿಯ ಮೂವರು ನಿರ್ದೇಶಕರಲ್ಲಿ ಒಬ್ಬಳು. ಮೂರನೆಯವರು ಅವಳ ಮಾವ ಮಾಣಿಕಪ್ಪ, ಅಧ್ಯಕ್ಷರು. ಅವರು ನಾರಾಯಣಖೇಡದ ಮನೆಯಲ್ಲಿದ್ದರು.

"ಮ್ಯಾನೇಜರ್ ಸಾಹೇಬರ, ಒಂದು ಕಾಗದ ಬೇಕಾಗಿತ್ರಿ," ಎಂದಳು ಮಹಾನಂದಾ. "ಈ ಸಾಲ ತೀರೋತನಕ ನಿರ್ದೇಶಕರು ತಮ್ಮ ರೊಕ್ಕ ಕಂಪನಿಯಿಂದ ವಾಪಸ್ ತಗೊಳ್ಳಂಗಿಲ್ಲ ಅಂತ ನಾವು ಬರೆದು ಕೊಟ್ಟಿದ್ದೆವಲ್ರಿ. ಆ ಕರಾರು ಇವತ್ತಿಗೆ ಮುಗೀತು ಅಂತ ಬರೆದು ಕೊಡ್ರಿ."

ಮ್ಯಾನೇಜರ್ ಕಡತ ತರಿಸಿ ಓದಿದರು. ಕರಾರು ಯಂತ್ರದ ಸಾಲಕ್ಕೆ ಮಾತ್ರ ಇತ್ತು. ಮಾಲು ಕೊಳ್ಳಲು ಮಿಲ್ಲು ಬಳಸುವ ಬ್ಯಾಂಕ್ ಸಾಲದ ಮಿತಿಗೆ ಬೇರೆ ಆಸ್ತಿ ಒತ್ತೆಯಿತ್ತು, ಅದರಲ್ಲಿ ಅಂಥ ಮಾತಿರಲಿಲ್ಲ. ಸಂಜೆಯೊಳಗೆ ಪತ್ರ ಸಿದ್ಧ ಮಾಡಿಸುವುದಾಗಿ ಅವರು ಹೇಳಿದರು.

ಹೊರಗೆ ಬಂದ ಮೇಲೆ ಆನಂದಕುಮಾರ ಚಹಾ ಹೇಳಿದ. ಕಪ್ಪು ಕೈಗೆ ಬಂದರೂ ಕುಡಿಯಲಿಲ್ಲ.

"ವೈನಿ, ಆ ಕಾಗದ ಯಾಕ ಬೇಕಾಗಿತ್ತು?"

"ಬ್ಯಾಂಕಿನ ಸಾಲ ತೀರಿತು. ನನ್ನದು ಉಳದದ."

ಅವಳದು ಇಪ್ಪತ್ತು ಲಕ್ಷ ರೂಪಾಯಿ. ನಾಲ್ಕೂವರೆ ವರ್ಷದ ಹಿಂದೆ, ಕಾಳಿನ ಬಣ್ಣ ನೋಡಿ ಕಳಪೆ ಕಾಳು ಹೊರಗೆ ಹಾಕುವ ಯಂತ್ರ ತರಲು ಮಿಲ್ಲು ಬ್ಯಾಂಕಿಗೆ ಹೋದಾಗ, ಮಾಲೀಕರು ತಮ್ಮ ಪಾಲಿನ ರೊಕ್ಕ ಮೊದಲು ಹಾಕಬೇಕು ಎಂದು ಬ್ಯಾಂಕ್ ಹೇಳಿತ್ತು. ಆನಂದಕುಮಾರನ ದುಡ್ಡೆಲ್ಲ ತೊಗರಿಯಲ್ಲಿ ಸಿಕ್ಕಿಕೊಂಡಿತ್ತು. ಜಹೀರಾಬಾದಿನ ಒಬ್ಬ ಫೈನಾನ್ಸಿನವನ ಹತ್ತಿರ ಎತ್ತಿ ತರುತ್ತೇನೆಂದ. ಅದು ಆಗದು ಎಂದು ಲೆಕ್ಕ ಪರಿಶೋಧಕಿ ಶಿಲ್ಪಾರಾಣಿ ತಿಳಿಸಿದ್ದಳು. ಖಾಸಗಿ ಕಂಪನಿ ತನ್ನ ನಿರ್ದೇಶಕರಿಂದ ಸಾಲ ತೆಗೆದುಕೊಳ್ಳಬಹುದು. ಆದರೆ ಕೊಡುವವರು, ಇದು ಬೇರೆಯವರ ಹತ್ತಿರ ಎತ್ತಿದ ಸಾಲದ ದುಡ್ಡಲ್ಲ, ನನ್ನ ಸ್ವಂತದ್ದು ಎಂದು ಬರೆದುಕೊಡಬೇಕು. ಹಾಗೆ ಬರೆಯಬಲ್ಲವಳು ಮನೆಯಲ್ಲಿ ಒಬ್ಬಳೇ ಇದ್ದಳು. ನಾಗಲಗಿದ್ದದಲ್ಲಿ ತಾಯಿ ಕೊಟ್ಟ ಹೊಲ ಮಾರಿದ ಹಣ ಮಹಾನಂದಾಳ ಖಾತೆಯಲ್ಲಿತ್ತು.

ಮೊದಲು ಅವಳನ್ನು ನಿರ್ದೇಶಕಿ ಮಾಡಿದರು. ಆಮೇಲೆ ಹಣ ಪಡೆದರು. ವರ್ಷಕ್ಕೆ ಶೇಕಡಾ ಒಂಬತ್ತರ ಸರಳ ಬಡ್ಡಿ, ಯಂತ್ರದ ಸಾಲ ತೀರಿದ ಮೇಲೆ ಕೇಳಿದಾಗ ವಾಪಸ್ ಎಂದು ಒಪ್ಪಂದವಾಯಿತು. ಬ್ಯಾಂಕಿನ ದರ ಇದಕ್ಕಿಂತ ಹೆಚ್ಚಿತ್ತು. ಆಮೇಲೆ ನಡೆದ ಸಭೆಗಳಿಗೆ ಅವಳನ್ನು ಯಾರೂ ಕರೆಯಲಿಲ್ಲ. ಸಹಿ ಬೇಕಾದಾಗ ಮಿಲ್ಲಿನ ಮುನೀಮ ನಾಮದೇವ ಪುಸ್ತಕ ಹಿಡಿದು ಜಹೀರಾಬಾದಿನ ಬಸ್ಸು ಹತ್ತುತ್ತಿದ್ದ.

"ನಾ ಇನ್ನೊಂದು ಮಷೀನಿಗೆ ಮಾತಾಡೀನಿ," ಎಂದ ಆನಂದಕುಮಾರ. "ಹೊಸ ತೊಗರಿ ಬರೋದ್ರಾಗ ಕೂಡಸಬೇಕು. ಕಂಪನಿ ಕೈಯಾಗ ಈಗ ಇರೋ ರೊಕ್ಕ ಅದಕ್ಕ ಅಡ್ವಾನ್ಸು. ನಿನ್ನ ಇಪ್ಪತ್ತು ಲಕ್ಷಕ್ಕ ಶೇರು ಬರೀತೀವಿ. ಮಾಲೀಕಳ ಆಗ್ತಿ."

"ಶೇರು ಬ್ಯಾಡ. ನಾ ಒಪ್ಪಲಾರದ ನನ್ನ ಸಾಲ ಶೇರು ಆಗಂಗಿಲ್ಲ."

"ಅಷ್ಟು ಅವಸರ ಏನದ?"

ಅವಸರವಿತ್ತು. ಜಹೀರಾಬಾದಿನಿಂದ ಪಸ್ತಾಪುರಕ್ಕೆ ಹೋಗುವ ದಾರಿಯಲ್ಲಿ ಕಿಷ್ಟಪ್ಪ ಎಂಬವನ ಒಂದು ಶೆಡ್ಡು ಮಾರಾಟಕ್ಕಿತ್ತು. ಜೋಳ, ಸಜ್ಜೆ, ನವಣೆ ಹಸನು ಮಾಡುವ ಯಂತ್ರಗಳು ಅದರೊಳಗೇ ಇದ್ದವು. ಮಗ ಹೈದರಾಬಾದಿನಲ್ಲಿ ಅಂಗಡಿ ಹಾಕಿದ್ದರಿಂದ ಕಿಷ್ಟಪ್ಪ ಅಲ್ಲಿಗೆ ಹೊರಟಿದ್ದ. ಬೆಲೆ ಇಪ್ಪತ್ತೈದು ಲಕ್ಷ. ಮಹಾನಂದಾ ಒಂದು ಲಕ್ಷ ಮುಂಗಡ ಕೊಟ್ಟಿದ್ದಳು. ಉಳಿದದ್ದನ್ನು ಅಕ್ಟೋಬರ್ ಹತ್ತರೊಳಗೆ ಕೊಡದಿದ್ದರೆ ಮುಂಗಡವೂ ಹೋಗುತ್ತದೆ, ಶೆಡ್ಡೂ ಹೋಗುತ್ತದೆ. ಸದಾಶಿವಪೇಟೆಯ ಒಬ್ಬ ವ್ಯಾಪಾರಿ ಕಾದು ಕೂತಿದ್ದ.

ಇದನ್ನು ಅವಳು ಆನಂದಕುಮಾರನಿಗೆ ಅಲ್ಲೇ, ಚಹಾದಂಗಡಿಯ ಮುಂದೆ, ಹೇಳಿದಳು. ಅವನು ನಕ್ಕ.

"ಸ್ವಂತ ಕಾರ್ಖಾನಿ ಹಾಕಾಕ ನಮ್ಮ ಕಾರ್ಖಾನಿ ರೊಕ್ಕ?"

"ನನ್ನ ರೊಕ್ಕ."

"ಆತು. ಅಸಲು ಯಾವಾಗರ ಕೊಡೋಣು, ಒಂದು ವರ್ಷ, ಎರಡು ವರ್ಷ. ಬಡ್ಡಿ ಮಾತು ಮಾತ್ರ ಅಪ್ಪನ ಮುಂದ ತೆಗೀಬ್ಯಾಡ. ಮನಿ ರೊಕ್ಕಕ್ಕ ನಮ್ಮಲ್ಲಿ ಬಡ್ಡಿ ಇಲ್ಲ. ನಿನಗ ಗೊತ್ತಿಲ್ಲೇನು?"

ಅವಳಿಗೆ ಗೊತ್ತಿತ್ತು. ಮಾಣಿಕಪ್ಪ ಐವತ್ತು ವರ್ಷ ತಾಂಡೂರಿನ ಗಂಜಿನಲ್ಲಿ, ಅಲ್ಲಿನ ಕಾಳಿನ ಪೇಟೆಯಲ್ಲಿ, ತೊಗರಿ ವ್ಯಾಪಾರ ಮಾಡಿದವರು. ಹೊರಗಿನವರ ಹುಂಡಿಯ ಸಾಲ ತೀರಿಸಲು ಒಂದು ದಿನ ತಡವಾದರೂ ಅವರಿಗೆ ಊಟ ಸೇರುತ್ತಿರಲಿಲ್ಲ. ಆದರೆ ತಮ್ಮ, ತಂಗಿ, ಭಾವ ತಂದಿಟ್ಟ ದುಡ್ಡಿಗೆ ಎಂದೂ ಬಡ್ಡಿ ಹಚ್ಚಿದವರಲ್ಲ. ಅವರೂ ಕೇಳಿದವರಲ್ಲ. ಒಂದೇ ಒಲೆಯ ಅಡಿಗೆ ಉಣ್ಣುವವರ ನಡುವೆ ಬಡ್ಡಿ ಬಂದರೆ ಒಲೆ ಎರಡಾಗುತ್ತದೆ ಎಂಬುದು ಅವರ ನಂಬಿಕೆ.

ಆ ರಾತ್ರಿಯ ಊಟದ ಹೊತ್ತಿಗೆ ಮಹಾನಂದಾ ಗಂಡ ಸಂಗುವಿಗೆ ಎಲ್ಲ ತಿಳಿಸಿದಳು. ಸಂಗು ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದ, ಮಿಲ್ಲಿನ ತಂಟೆಗೆ ಹೋಗುತ್ತಿರಲಿಲ್ಲ.

"ನಾ ಏನರ ಮಾತಾಡಬೇಕೇನು?" ಎಂದು ಕೇಳಿದ.

"ನೀವು ನಿರ್ದೇಶಕರಲ್ಲ."

"ಛಲೋ ಆತು. ಎಮ್ಮಿ ನನಗ ಎದುರು ಮಾತಾಡಂಗಿಲ್ಲ, ಅದಕ್ಕ ನನಗ ಆ ಕೆಲಸನೇ ಲೇಸು."

ಮರುದಿನ ಅವಳು ಎರಡು ಪತ್ರ ಕಳಿಸಿದಳು. ಒಂದರಲ್ಲಿ ಸಾಲ ಮತ್ತು ಬಡ್ಡಿಯನ್ನು ಸೆಪ್ಟೆಂಬರ್ ಮೂವತ್ತರೊಳಗೆ ಹಿಂದಿರುಗಿಸಬೇಕೆಂದು ಕಂಪನಿಯನ್ನು ಕೇಳಿದಳು. ಇನ್ನೊಂದರಲ್ಲಿ, ಈ ವಿಷಯಕ್ಕೆ ನಿರ್ದೇಶಕರ ಸಭೆ ಕರೆಯಬೇಕೆಂದು ನಿರ್ದೇಶಕಿಯಾಗಿ ಕೇಳಿದಳು. ವಾರದ ನೋಟೀಸಿನ ಮೇಲೆ ಸಭೆ ನಿಗದಿಯಾಯಿತು. ಆ ವಾರವೆಲ್ಲ ಆನಂದಕುಮಾರ ಫೋನು ಮಾಡಲಿಲ್ಲ. ಅತ್ತೆ ಕಾಂತಾಬಾಯಿ ಮಾಡಿದರು.

"ನಿಮ್ಮ ಮಾವ ಎರಡು ದಿನ ಆತು, ರೊಟ್ಟಿ ಮುರದು ಹಂಗೇ ಬಿಡ್ತಾರ. ಏನು ಮಾಡೀದಿ ತಾಯಿ?"

"ನನ್ನ ರೊಕ್ಕ ಕೇಳೀನ್ರಿ, ಅತ್ತಿ."

"ಕೇಳು," ಎಂದರು ಕಾಂತಾಬಾಯಿ. "ನಾ ನನ್ನ ಬಂಗಾರ ಕೊಟ್ಟಾಗ ಕೇಳಿದ್ದಿಲ್ಲ. ಆದ್ರ ಜೋರು ದನಿ ಮಾಡಬ್ಯಾಡ. ಅವರಿಗೆ ಬೀಪಿ ಅದ."

ಸಭೆ ಮಿಲ್ಲಿನ ಕಚೇರಿಯಲ್ಲಿ ಮಧ್ಯಾಹ್ನ ಶುರುವಾಯಿತು. ಗೋಡೆಯಾಚೆ ಯಂತ್ರ ಓಡುತ್ತಿತ್ತು, ಮೇಜಿನ ಮೇಲೆ ಬೇಳೆಯ ಹೊಟ್ಟು ತೆಳ್ಳಗೆ ಕೂತಿತ್ತು. ಮಾಣಿಕಪ್ಪ ಬಿಳಿ ಧೋತರ, ಹಣೆಗೆ ವಿಭೂತಿ, ಅಧ್ಯಕ್ಷರ ಕುರ್ಚಿಯಲ್ಲಿ ನೇರವಾಗಿ ಕೂತಿದ್ದರು. ಶಿಲ್ಪಾರಾಣಿಯನ್ನು ಲೆಕ್ಕ ತಿಳಿಸಲು ಕರೆಸಿದ್ದರು. ನಾಮದೇವ ಬರೆದುಕೊಳ್ಳಲು ಮೂಲೆಯಲ್ಲಿ ಕೂತ.

ಮಹಾನಂದಾ ಮೊದಲು ಎದ್ದು, "ಈ ವಿಷಯದಾಗ ನನ್ನ ಹಿತ ಅದ, ಸಾಲ ಕೊಟ್ಟವಳು ನಾನೇ. ಇದನ್ನ ಬರಕೋರಿ," ಎಂದಳು. ನಾಮದೇವ ಬರೆದುಕೊಂಡ.

"ಹಾಂಗಂದ ಮ್ಯಾಲೆ ಹೊರಗ ಹೋಗಬೇಕಾ?" ಎಂದು ಆನಂದಕುಮಾರ ಶಿಲ್ಪಾರಾಣಿಯನ್ನು ಕೇಳಿದ.

"ಬೇಕಿಲ್ರಿ. ಖಾಸಗಿ ಕಂಪನಿಯಾಗ ತಿಳಿಸಿದ ಮ್ಯಾಲೆ ಕೂಡಬಹುದು, ಮತಾನೂ ಹಾಕಬಹುದು."

"ಕೂಡ್ತೀನಿ," ಎಂದಳು ಮಹಾನಂದಾ. "ಮತ ಹಾಕಂಗಿಲ್ಲ. ನೀವಿಬ್ಬರೇ ತೀರ್ಮಾನ ಮಾಡ್ರಿ."

ಆನಂದಕುಮಾರನ ಮುಖ ಸಡಿಲವಾಯಿತು. ಅವಳ ಮತ ಇಲ್ಲದಿದ್ದರೆ ಉಳಿದದ್ದು ಅವನದು ಮತ್ತು ತಂದೆಯದು. ಬಡ್ಡಿಯ ಬಗ್ಗೆ ತಂದೆಯ ಮನಸ್ಸು ಅವನಿಗೆ ತಿಳಿದಿತ್ತು.

ಶಿಲ್ಪಾರಾಣಿ ಲೆಕ್ಕ ಹೇಳಿದಳು. ವರ್ಷಕ್ಕೆ ಬಡ್ಡಿ ಒಂದು ಲಕ್ಷ ಎಂಬತ್ತು ಸಾವಿರ. ಪ್ರತಿ ಮಾರ್ಚ್ ಕೊನೆಗೆ ಕಂಪನಿ ಅದನ್ನು ಖರ್ಚೆಂದು ಬರೆದು, ಹತ್ತರಲ್ಲಿ ಒಂದು ಪಾಲು, ಹದಿನೆಂಟು ಸಾವಿರ, ಟಿಡಿಎಸ್ ತೆರಿಗೆ ಎಂದು ಹಿಡಿದು ಮಹಾನಂದಾಳ ಹೆಸರಿನಲ್ಲಿ ಸರ್ಕಾರಕ್ಕೆ ಕಟ್ಟಿದೆ. ಉಳಿದ ಒಂದು ಲಕ್ಷ ಅರವತ್ತೆರಡು ಸಾವಿರ ಅವಳಿಗೆ ಕೊಡಬೇಕಾದದ್ದು ಎಂದು ನಿಂತಿದೆ. ನಾಲ್ಕು ವರ್ಷಕ್ಕೆ ಆರು ಲಕ್ಷ ನಲವತ್ತೆಂಟು ಸಾವಿರ. ಈ ವರ್ಷದ ಆರು ತಿಂಗಳಿಗೆ ತೆರಿಗೆ ಕಳೆದು ಎಂಬತ್ತೊಂದು ಸಾವಿರ. ಅಸಲು ಸೇರಿಸಿದರೆ ಇಪ್ಪತ್ತೇಳು ಲಕ್ಷ ಇಪ್ಪತ್ತೊಂಬತ್ತು ಸಾವಿರ.

"ಅದು ಕಾಗದದ ಲೆಕ್ಕ," ಎಂದ ಆನಂದಕುಮಾರ. "ಬ್ಯಾಂಕಿಗೆ ತೋರ್ಸಾಕ ಬರೆದದ್ದು. ಮನ್ಯಾಗ ಬಡ್ಡಿ ಮಾತು ಆಗಿದ್ದೇ ಇಲ್ಲ."

"ಕಾಗದದ್ದು ಅಂದ್ರ?" ಎಂದಳು ಮಹಾನಂದಾ. ಅವಳು ದನಿ ಏರಿಸಲಿಲ್ಲ. "ಆ ಬಡ್ಡಿ ಖರ್ಚು ಅಂತ ತೋರ್ಸಿ ನಾಲ್ಕು ವರ್ಷ ಕಂಪನಿ ತೆರಿಗಿ ಕಡಿಮಿ ಕಟ್ಟ್ಯಾದ. ನಾ ಅದನ್ನ ನನ್ನ ಆದಾಯ ಅಂತ ಪ್ರತಿ ವರ್ಷ ರಿಟರ್ನ್‌ನ್ಯಾಗ ತೋರ್ಸೀನಿ. ಕೈಗೆ ಒಂದು ಪೈಸಾ ಬಂದಿಲ್ಲ. ಇಬ್ಬರೂ ಸರ್ಕಾರಕ್ಕ ಸುಳ್ಳು ಹೇಳೀವೇನು ಆನಂದ?"

ಆನಂದಕುಮಾರ ಶಿಲ್ಪಾರಾಣಿಯ ಕಡೆ ತಿರುಗಿದ. "ಬಡ್ಡಿ ಬಿಟ್ಟುಬಿಟ್ರ ಏನಾಗ್ತದ್ರಿ?"

"ಬಿಡಬೇಕಾದವರು ಅವರು, ನೀವಲ್ರಿ. ಅವರು ಬಿಟ್ರ ಆ ಆರೂವರೆ ಲಕ್ಷದಷ್ಟು ಈ ವರ್ಷ ಕಂಪನಿ ಆದಾಯ ಆಗ್ತದ. ಅದಕ್ಕ ತೆರಿಗಿ ಕಟ್ಟಬೇಕು."

ಮಾಣಿಕಪ್ಪ ಸೊಸೆಯನ್ನು ನೋಡಿದರು.

"ಸರ್ಕಾರದ ಮಾತು ಬಿಡು. ನಾ ಕೇಳ್ತೀನಿ. ನಮ್ಮ ಮನಿ ರೊಕ್ಕಕ್ಕ ಬಡ್ಡಿ ಇಲ್ಲ ಅನ್ನೋದು ನಿನಗ ಗೊತ್ತಿತ್ತಿಲ್ಲೋ?"

"ಗೊತ್ತಿತ್ರಿ, ಮಾವಾರ. ಆದ್ರ ನಾ ರೊಕ್ಕ ಕೊಟ್ಟದ್ದು ಮನಿಗಲ್ರಿ, ಕಂಪನಿಗೆ. ಮನಿಗೆ ಕೇಳಿದ್ರ ಹಂಗೇ ಕೊಡ್ತಿದ್ದೆ. ಬಡ್ಡಿ ಬರದ ಕಾಗದದ ಮ್ಯಾಲೆ ಮೊದಲ ಸಹಿ ನಿಮ್ಮದೇ ಅದ."

"ನಾ ಓದಿದ್ದಿಲ್ಲ. ಇವ ಹೇಳಿದಲ್ಲಿ ಸಹಿ ಮಾಡೀನಿ."

"ಓದಿದ್ದಿಲ್ಲ ಅಂತ ಗಂಜಿನ ವ್ಯಾಪಾರಿ ಯಾರರ ಅಂದ್ರ ನೀವು ಒಪ್ಪತಿದ್ರಿ ಏನ್ರಿ?"

ಮುದುಕರ ಕಿವಿ ಕೆಂಪಾಯಿತು. ಆದರೂ ಅವರು ಮಣಿಯಲಿಲ್ಲ. "ಅಸಲು ಕೊಡಿಸ್ತೀನಿ," ಎಂದರು. "ಈಗೇ ಕೊಡಿಸ್ತೀನಿ. ಬಡ್ಡಿ ಮಾತ್ರ ನನ್ನ ಬಾಯಿಂದ ಬರಂಗಿಲ್ಲ."

ಮಹಾನಂದಾ ಮನಸ್ಸಿನಲ್ಲೇ ಕೂಡಿ ಕಳೆದಳು. ಇಪ್ಪತ್ತು ಲಕ್ಷಕ್ಕೆ ಶೆಡ್ಡು ಬರುವುದಿಲ್ಲ. ಕಿಷ್ಟಪ್ಪನಿಗೇ ಇನ್ನೂ ಇಪ್ಪತ್ತನಾಲ್ಕು ಕೊಡಬೇಕು, ಅದರ ಮೇಲೆ ನೋಂದಣಿಯ ಖರ್ಚು. ಮತ ಹಾಕುವುದಿಲ್ಲ ಎಂದದ್ದು ತಪ್ಪಾಯಿತೇನೋ ಎಂದು ಅವಳಿಗೆ ಮೊದಲ ಬಾರಿ ಅನ್ನಿಸಿತು.

ಗೆದ್ದೆನೆಂದುಕೊಂಡ ಆನಂದಕುಮಾರ ಅಲ್ಲಿಗೇ ನಿಲ್ಲಬಹುದಿತ್ತು. ನಿಲ್ಲಲಿಲ್ಲ. ವೈನಿಗೆ ಅನ್ಯಾಯವಾಗಿಲ್ಲ ಎಂದು ತೋರಿಸುವ ಹುಮ್ಮಸ್ಸು ಅವನಿಗೆ.

"ಹಂಗ ನೋಡಿದ್ರ ಬಡ್ಡಿ ಮುಟ್ಟ್ಯಾದ ವೈನಿ," ಎಂದ. "ಪ್ರತಿ ದೀಪಾವಳಿ ಪಾಡ್ಯಕ್ಕ ನಿಮ್ಮ ಮನಿಗೆ ಬ್ಯಾಳಿ ಚೀಲ ಬರ್ತಾವಿಲ್ಲೋ? ನಾಕು ವರ್ಷ ತಪ್ಪಿಲ್ಲ. ಫಸ್ಟ್ ಕ್ಲಾಸ್ ಮಾಲು. ಅದು ಏನು? ಬಡ್ಡಿನೇ ಅಲ್ಲೇನು?"

ನಾಮದೇವ ಬರೆಯುವುದನ್ನು ನಿಲ್ಲಿಸಿದ.

"ಏನಂದಿ?" ಎಂದರು ಮಾಣಿಕಪ್ಪ.

"ಬ್ಯಾಳಿ, ಅಪ್ಪಾ. ವರ್ಷಾ ಹೋಗ್ತದಲ್ಲ—"

"ಅದು ನಾ ಕೊಡೋದು." ಮುದುಕರು ಕುರ್ಚಿಯ ಕೈ ಹಿಡಿದರು. "ಪಾಡ್ಯದ ದಿನ ಮನಿ ಸೊಸಿಗೆ ಬ್ಯಾಳಿ ಕೊಡೋದು ನಮ್ಮಪ್ಪನ ಕಾಲದಿಂದ ಬಂದದ್ದು. ನಿಮ್ಮವ್ವಗೂ ಕೊಟ್ಟಾರ. ನಿನ್ನ ಹೆಂಡತಿ ಪ್ರೇಮಲಾಗೂ ಕೊಡ್ತೀನಿ, ಆಕಿ ಯಾರಿಗೆ ಸಾಲ ಕೊಟ್ಟಾಳ? ನಾಮದೇವ, ಆ ಚೀಲದ ರೊಕ್ಕ ಯಾರ ಕಡಿಂದ ಇಸ್ಕೋತಿ?"

"ನಿಮ್ಮ ಕಡಿಂದ್ರೀ, ಅಪ್ಪಾರ. ಪ್ರತಿ ಸಲ ನಿಮ್ಮ ಹೆಸರಲೆ ಬಿಲ್ಲು ಆಗ್ತದ. ನಿಮ್ಮ ಸ್ವಂತ ಖಾತಿಂದ ಕೊಡ್ತೀರಿ."

"ಕೇಳಿದಿ?" ಮಾಣಿಕಪ್ಪ ಮಗನನ್ನೇ ನೋಡುತ್ತಿದ್ದರು. "ನಾ ಉಡಿ ತುಂಬಿದ್ದನ್ನ ನೀ ಬಡ್ಡಿಗೆ ಜಮಾ ಹಿಡಿತಿ. ನಾಳೆ ಆಕಿ ನಮ್ಮ ಮನ್ಯಾಗ ಉಂಡ ಊಟಾನೂ ಬರೀತಿ."

"ಹಂಗಲ್ಲ ಅಪ್ಪಾ, ಮಾತಿಗೆ ಅಂದೆ."

"ಮಾತಿಗೇ ಅಂದಿ. ಅದಕ್ಕೇ ಕೇಳೀನಿ." ಅವರು ಧೋತರದ ಅಂಚಿನಿಂದ ಮೇಜಿನ ಮೇಲಿನ ಹೊಟ್ಟು ಒರೆಸಿದರು. "ಮನಿ ರೊಕ್ಕಕ್ಕ ಬಡ್ಡಿ ಇಲ್ಲ ಅಂತ ನಾ ಯಾಕ ಅಂತಿದ್ದೆ? ಕೊಟ್ಟದ್ದು ತಗೊಂಡದ್ದು ಲೆಕ್ಕ ಇಡಬಾರದು ಅಂತ. ನೀ ಹಬ್ಬದ ಬ್ಯಾಳಿಗೇ ಲೆಕ್ಕ ಇಟ್ಟಿ. ಇನ್ನ ಅದು ಮನಿ ರೊಕ್ಕ ಹೆಂಗಾಗ್ತದ? ಆತು, ಲೆಕ್ಕ ಅಂದ್ರ ಲೆಕ್ಕ. ಗಂಜಿನ ಲೆಕ್ಕ."



"ನಾಮದೇವ, ಮತಕ್ಕ ಹಾಕು," ಎಂದರು ಮಾಣಿಕಪ್ಪ.

ಅಸಲು ಮತ್ತು ಪೂರ್ತಿ ಬಡ್ಡಿಯನ್ನು ಸೆಪ್ಟೆಂಬರ್ ಮೂವತ್ತರೊಳಗೆ ಹಿಂದಿರುಗಿಸುವ ನಿರ್ಣಯವನ್ನು ನಾಮದೇವ ಓದಿದ. ಆನಂದಕುಮಾರ ವಿರೋಧ ಎಂದ. ಹಟಕ್ಕಲ್ಲ, ಯಂತ್ರದ ಆಸೆ ಅವನನ್ನು ಇನ್ನೂ ಬಿಟ್ಟಿರಲಿಲ್ಲ. ಮಾಣಿಕಪ್ಪ ಪರ ಎಂದರು. ಮಹಾನಂದಾ ಹೇಳಿದಂತೆಯೇ ಮತ ಹಾಕಲಿಲ್ಲ.

"ಸಮ ಆತು," ಎಂದ ಆನಂದಕುಮಾರ, ಸ್ವಲ್ಪ ಆಸೆಯಿಂದ.

"ಸಮ ಆದಾಗ ಅಧ್ಯಕ್ಷರಿಗೆ ಇನ್ನೊಂದು ಮತ ಅಂತ ಕಂಪನಿ ನಿಯಮಾವಳಿಯಾಗ ಅದರಿ," ಎಂದಳು ಶಿಲ್ಪಾರಾಣಿ.

"ಅದೂ ಪರ," ಎಂದರು ಮಾಣಿಕಪ್ಪ. "ಬರಕೋ. ಈ ಸಲ ನಾ ಓದಿ ಸಹಿ ಮಾಡ್ತೀನಿ."

ನಾಮದೇವ ಬರೆದ. ಮುದುಕರು ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದರು. ಒಂದು ಕಡೆ ನಿಂತು, ಇಲ್ಲಿ ತಾರೀಕು ಬಿಟ್ಟೀದಿ ಎಂದು ತಿದ್ದಿಸಿದರು. ಆಮೇಲೆ ಸಹಿ ಮಾಡಿದರು.

"ನಗದು ಕೊಡಲೇನ್ರಿ ಅರ್ಧ?" ಎಂದು ಆನಂದಕುಮಾರ ಶಿಲ್ಪಾರಾಣಿಯನ್ನು ಕೇಳಿದ. ಗಲ್ಲಾಪೆಟ್ಟಿಗೆಯಲ್ಲಿ ವಾರದ ವಸೂಲಿ ಇತ್ತು.

"ಒಂದು ರೂಪಾಯಿನೂ ನಗದು ಬ್ಯಾಡ್ರಿ. ಇಪ್ಪತ್ತು ಸಾವಿರ ಮುಟ್ಟಿದ ಸಾಲ ನಗದಿನ್ಯಾಗ ತೀರಿಸಿದ್ರ ತೀರಿಸಿದಷ್ಟೇ ದಂಡ ಬೀಳ್ತದ. ಬ್ಯಾಂಕಿನಿಂದ ಬ್ಯಾಂಕಿಗೆ ಕಳಸ್ರಿ."

ಮಾಣಿಕಪ್ಪ ಮೊದಲ ಬಾರಿ ನಕ್ಕರು. "ಐವತ್ತು ವರ್ಷ ನಾ ಧೋತರದ ಗಂಟಿನ್ಯಾಗ ತಂದು ತೀರಿಸೀನಿ. ದಂಡ ಹಾಕ್ತಿದ್ರ ನಿಮ್ಮ ಸರ್ಕಾರ ಶ್ರೀಮಂತ ಆಗ್ತಿತ್ತು ನೋಡವ್ವಾ."

ಹೊರಗೆ ನಿಂತಿದ್ದ ಬಾಡಿಗೆ ಜೀಪಿನವರೆಗೆ ಆನಂದಕುಮಾರ ವೈನಿಯ ಜೊತೆ ನಡೆದು ಬಂದ. ಬಾಗಿಲು ಹಿಡಿದು ನಿಂತ.

"ಮತ ಹಾಕಂಗಿಲ್ಲ ಅಂದಿ. ಹಾಕಿದ್ರ ನಾ ಅಪ್ಪಗ ಹೇಳ್ತಿದ್ದೆ, ನೋಡು, ತನ್ನ ರೊಕ್ಕಕ್ಕ ತಾನೇ ಕೈ ಎತ್ತ್ಯಾಳ ಅಂತ."

"ಅದಕ್ಕೇ ಹಾಕಲಿಲ್ಲ," ಎಂದಳು ಮಹಾನಂದಾ. "ಎರಡನೇ ಮಷೀನಿಗೆ ಬ್ಯಾಂಕಿಗೆ ಹೋಗು. ಒಂದು ಸಾಲ ಒಂದು ಕಂತೂ ತಪ್ಪಲಾರದ ತೀರಿಸೀದಿ. ಕೊಡ್ತಾರ. ಅರ್ಜಿ ನನಗ ಕಳಸು, ಓದಿ ಸಹಿ ಮಾಡ್ತೀನಿ."

"ಎಲ್ಲಾರೂ ಓದಾಕ ಹತ್ತಿದ್ರ ಕಂಪನಿ ನಡೆದಂಗೇ."

"ನಡೀತದ. ಮೊದಲಿಗಿಂತ ಬರಾಬರ್ ನಡೀತದ."

ಅವನು ಬಾಗಿಲು ಹಾಕಿದ. ಜಹೀರಾಬಾದಿನ ದಾರಿಯುದ್ದಕ್ಕೂ ಮಹಾನಂದಾ ಜೀಪಿನ ಡ್ರೈವರ್ ಧಮ್ಮಪಾಲನೊಂದಿಗೆ ಬಡ್ಡಿಯ ಮಾತೇ ಎತ್ತಲಿಲ್ಲ. ಸಜ್ಜೆಯ ಬೆಳೆ ಈ ಸಲ ಹೇಗಿದೆ ಎಂದು ಕೇಳಿದಳು. ಅವನ ಹೊಲ ಕಲ್ಹೇರ್ ಬಳಿ ಇತ್ತು. ತೆನೆ ಛಲೋ ಕಟ್ಟ್ಯಾದ್ರಿ, ಎಂದ ಅವನು. ಹಸನು ಮಾಡಿಸಲು ಎಲ್ಲಿಗೆ ಒಯ್ಯುತ್ತೀರಿ ಎಂದು ಕೇಳಿದಳು. ಹೈದರಾಬಾದಿನ ದಲಾಲ ಬಂದು ಹಂಗೇ ಒಯ್ಯುತ್ತಾನೆ, ಕಸದ ಹೆಸರಿನಲ್ಲಿ ತೂಕ ಹೊಡೆಯುತ್ತಾನೆ ಎಂದ. ಈ ಸಲ ದಲಾಲನಿಗೆ ಕೊಡುವ ಮೊದಲು ನನಗೆ ಫೋನು ಮಾಡು ಎಂದು ಅವಳು ನಂಬರು ಕೊಟ್ಟಳು.

ಸೆಪ್ಟೆಂಬರ್ ಮೂವತ್ತರ ಮಧ್ಯಾಹ್ನ ಅವಳು ಶಾಲೆಯಲ್ಲಿದ್ದಾಗ ಫೋನಿಗೆ ಬ್ಯಾಂಕಿನ ಸಂದೇಶ ಬಂತು. ಇಪ್ಪತ್ತೇಳು ಲಕ್ಷ ಇಪ್ಪತ್ತೊಂಬತ್ತು ಸಾವಿರ ಜಮೆ. ಅವಳು ಒಂಬತ್ತನೇ ತರಗತಿಯ ಪಾಠ ಮುಗಿಸಿ, ಶಿಕ್ಷಕರ ಕೋಣೆಗೆ ಹೋಗಿ, ಸಂದೇಶವನ್ನು ಮತ್ತೊಮ್ಮೆ ಓದಿ, ಎಲ್ಲರಿಗೂ ಮಿರ್ಚಿ ಭಜಿ ತರಿಸಿದಳು. ಕಾರಣ ಕೇಳಿದವರಿಗೆಲ್ಲ, ಕಂಪನಿ ನನ್ನ ಸಾಲ ತೀರಿಸಿತು ಎಂದಳು. ಇನ್ನೊಂದು ತಟ್ಟೆ ಬಂತು.

ಆ ಆರು ತಿಂಗಳ ಬಡ್ಡಿಯ ಮೇಲೆ ಹಿಡಿದ ಒಂಬತ್ತು ಸಾವಿರ ತೆರಿಗೆಯನ್ನು ನಾಮದೇವ ಅಕ್ಟೋಬರ್ ಏಳರೊಳಗೆ ಸರ್ಕಾರಕ್ಕೆ ಕಟ್ಟಿದ. ಎಂಟರಂದು ಜಹೀರಾಬಾದಿನ ನೋಂದಣಿ ಕಚೇರಿಯಲ್ಲಿ ಕಿಷ್ಟಪ್ಪನ ಶೆಡ್ಡು ಮಹಾನಂದಾಳ ಹೆಸರಿಗಾಯಿತು. ಸಾಕ್ಷಿಯ ಸಹಿ ಮಾಣಿಕಪ್ಪ ಹಾಕಿದರು. ನವೆಂಬರ್ ಎರಡನೆಯ ವಾರದಲ್ಲಿ ಕಲ್ಹೇರ್ ಕಡೆಯಿಂದ ಸಜ್ಜೆಯ ಮೊದಲ ಲಾರಿ ಬಂತು, ಮರುದಿನ ಇನ್ನೆರಡು ಬಂದವು.